ಒಂದೇ ತಿಂಗಳನ್ನು ಎರಡು ಸಲ ಎಣಿಸಬೇಡಿ

ಮೈಸೂರಿನ ಅಕೌಂಟೆಂಟ್ ಒಬ್ಬರು ಹೊಸ ಕೆಲಸಕ್ಕೆ ರೆಸ್ಯೂಮೆ ಬರೆಯುತ್ತಿದ್ದಾರೆ ಎಂದುಕೊಳ್ಳಿ. 2014ರ ಜೂನ್ 1ರಂದು ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗ ಸೇರಿದರು, 2017ರ ಮಾರ್ಚ್ 31ರವರೆಗೆ ಅಲ್ಲಿದ್ದರು. ಬಿಡುವ ಮೊದಲೇ, 2017ರ ಜನವರಿ 1ರಿಂದ, ಆಡಿಟರ್ ಕಚೇರಿಯೊಂದರಲ್ಲಿ ಸಂಜೆ ಕೆಲಸ ಹಿಡಿದಿದ್ದರು. ಆಮೇಲೆ ಪೂರ್ತಿ ಅಲ್ಲಿಗೇ ಹೋಗಿ 2018ರ ಆಗಸ್ಟ್ 31ರವರೆಗೆ ದುಡಿದರು. ತಾಯಿಯ ಆರೈಕೆಗೆಂದು ಆರು ತಿಂಗಳು ಮನೆಯಲ್ಲಿದ್ದರು. 2019ರ ಮಾರ್ಚ್ 1ರಿಂದ 2023ರ ನವೆಂಬರ್ 30ರವರೆಗೆ ಖಾಸಗಿ ಕಂಪನಿಯೊಂದರಲ್ಲಿದ್ದರು. ಅವರ ಒಟ್ಟು ಅನುಭವ ಎಷ್ಟು?

ಮೊದಲ ಕೆಲಸ 2 ವರ್ಷ 10 ತಿಂಗಳು, ಎರಡನೆಯದು 1 ವರ್ಷ 8 ತಿಂಗಳು, ಮೂರನೆಯದು 4 ವರ್ಷ 9 ತಿಂಗಳು. ಮೂರನ್ನೂ ಕೂಡಿಸಿದರೆ 9 ವರ್ಷ 3 ತಿಂಗಳು. ಇಲ್ಲಿ 2017ರ ಜನವರಿ, ಫೆಬ್ರವರಿ, ಮಾರ್ಚ್ ಎರಡೆರಡು ಸಲ ಲೆಕ್ಕಕ್ಕೆ ಬಂದಿವೆ. ಮೊದಲ ದಿನದಿಂದ ಕೊನೆಯ ದಿನಕ್ಕೆ ನೇರವಾಗಿ ಎಣಿಸಿದರೆ 9 ವರ್ಷ 6 ತಿಂಗಳು ಬರುತ್ತದೆ. ಅದರಲ್ಲಿ ಮನೆಯಲ್ಲಿದ್ದ ಆರು ತಿಂಗಳೂ ಸೇರಿಕೊಂಡಿದೆ. ಎರಡೂ ತಪ್ಪು.

ಸರಿಯಾದ ದಾರಿ ಹೀಗಿದೆ. ಕೆಲಸಗಳನ್ನು ಸೇರಿದ ದಿನಾಂಕದ ಕ್ರಮದಲ್ಲಿ ಬರೆದುಕೊಳ್ಳಿ. ಹಿಂದಿನ ಕೆಲಸ ಮುಗಿಯುವ ಮೊದಲು ಅಥವಾ ಮುಗಿದ ಮರುದಿನವೇ ಮುಂದಿನದು ಶುರುವಾಗಿದ್ದರೆ, ಎರಡನ್ನೂ ಒಂದೇ ಅವಧಿಯಾಗಿ ಬೆಸೆಯಿರಿ. ನಡುವೆ ಖಾಲಿ ದಿನಗಳಿದ್ದರೆ ಹೊಸ ಅವಧಿ ತೆರೆಯಿರಿ. ನಮ್ಮ ಅಕೌಂಟೆಂಟರಿಗೆ ಎರಡೇ ಅವಧಿಗಳು ಸಿಗುತ್ತವೆ: 2014ರ ಜೂನ್‌ನಿಂದ 2018ರ ಆಗಸ್ಟ್‌ವರೆಗೆ 4 ವರ್ಷ 3 ತಿಂಗಳು, 2019ರ ಮಾರ್ಚ್‌ನಿಂದ 2023ರ ನವೆಂಬರ್‌ವರೆಗೆ 4 ವರ್ಷ 9 ತಿಂಗಳು. ವರ್ಷಗಳು ಎಂಟು, ತಿಂಗಳು ಹನ್ನೆರಡು. ಹನ್ನೆರಡು ತಿಂಗಳು ಒಂದು ವರ್ಷವಾಗುವುದರಿಂದ ಒಟ್ಟು ಸರಿಯಾಗಿ 9 ವರ್ಷ.

ಉತ್ತರ ಸರಿಯೇ ಎಂದು ನೋಡಲು ಆ ಎರಡು ತಪ್ಪು ಲೆಕ್ಕಗಳೇ ನೆರವಾಗುತ್ತವೆ. 9 ವರ್ಷ 3 ತಿಂಗಳಲ್ಲಿ ಒಂದರ ಮೇಲೊಂದು ಬಿದ್ದ 3 ತಿಂಗಳು ಕಳೆಯಿರಿ, 9 ವರ್ಷ. 9 ವರ್ಷ 6 ತಿಂಗಳಲ್ಲಿ ಖಾಲಿ ಇದ್ದ 6 ತಿಂಗಳು ಕಳೆಯಿರಿ, ಮತ್ತೆ 9 ವರ್ಷ. ಎರಡು ಕಡೆಯಿಂದ ಬಂದ ಉತ್ತರಗಳು ಕೂಡದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಇನ್ನೊಂದು ಸಂದರ್ಭದಲ್ಲಿ ಬಹಳ ಜನ ಎಡವುತ್ತಾರೆ. ಇದೇ ವ್ಯಕ್ತಿ ಕೊನೆಯ ಕೆಲಸದಲ್ಲಿದ್ದಾಗಲೇ 2020ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಬಿಡುವಿನಲ್ಲಿ ಬೇರೊಬ್ಬರ ಲೆಕ್ಕ ಬರೆದುಕೊಟ್ಟಿದ್ದರೆ, ಪಟ್ಟಿಯ ಕೊನೆಯ ಸಾಲು ಅದೇ ಆಗುತ್ತದೆ. ಆ ಸಾಲಿನ ದಿನಾಂಕವನ್ನೇ ಕೊನೆಯೆಂದು ಹಿಡಿದರೆ ಸುಮಾರು ಮೂರು ವರ್ಷ ಕಳೆದುಹೋಗುತ್ತದೆ. ಬೆಸೆಯುವಾಗ ಎರಡು ಕೊನೆಗಳಲ್ಲಿ ಯಾವುದು ಮುಂದಿದೆಯೋ ಅದನ್ನೇ ಉಳಿಸಿಕೊಳ್ಳಬೇಕು.

ಚುಕ್ಕಿಯ ವಿಷಯದಲ್ಲೂ ಎಚ್ಚರ ಬೇಕು. 4 ವರ್ಷ 3 ತಿಂಗಳನ್ನು 4.3 ಎಂದೂ 4 ವರ್ಷ 9 ತಿಂಗಳನ್ನು 4.9 ಎಂದೂ ಬರೆದು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದರೆ 9.2 ಬರುತ್ತದೆ. ಅದನ್ನು 9 ವರ್ಷ 2 ತಿಂಗಳು ಎಂದು ಬರೆದುಬಿಡುತ್ತಾರೆ. 4 ವರ್ಷ 3 ತಿಂಗಳೆಂದರೆ ನಿಜವಾಗಿ 4.25 ವರ್ಷ. ಎಲ್ಲವನ್ನೂ ತಿಂಗಳಿಗೆ ಇಳಿಸಿ ಕೂಡಿಸಿದರೆ ಈ ಗೊಂದಲವೇ ಇಲ್ಲ: 51 ಮತ್ತು 57 ಸೇರಿ 108, ಹನ್ನೆರಡರಿಂದ ಭಾಗಿಸಿದರೆ 9.

ಎಕ್ಸೆಲ್‌ನಲ್ಲಿ ಮಾಡುವವರು ಬೆಸೆದ ಅವಧಿಯ ಆರಂಭವನ್ನು A2ರಲ್ಲೂ ಕೊನೆಯನ್ನು B2ರಲ್ಲೂ ಇಟ್ಟು ಹೀಗೆ ಬರೆಯಬಹುದು:

```
=DATEDIF(A2,B2+1,"m")
```

ಇದು ಪೂರ್ತಿ ತಿಂಗಳುಗಳನ್ನು ಕೊಡುತ್ತದೆ. `+1` ಬಿಟ್ಟರೆ ಕೆಲಸದ ಕೊನೆಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಆಗ ಮೊದಲ ಅವಧಿ 51ರ ಬದಲು 50 ತಿಂಗಳಾಗುತ್ತದೆ, ಎರಡನೆಯದರಲ್ಲೂ ಒಂದು ತಿಂಗಳು ಕಡಿಮೆಯಾಗುತ್ತದೆ. ಒಂಬತ್ತು ವರ್ಷ ಕೇಳಿದ ಹುದ್ದೆಗೆ 8 ವರ್ಷ 10 ತಿಂಗಳು ಎಂದು ಬರೆದಂತಾಗುತ್ತದೆ.

ದಿನಾಂಕಗಳನ್ನು ನೆನಪಿನಿಂದ ಬರೆಯಬೇಡಿ. ನೇಮಕಾತಿ ಪತ್ರ ಮತ್ತು ರಿಲೀವಿಂಗ್ ಲೆಟರ್ ಎದುರಿಗಿರಲಿ. ಪಿಎಫ್ ಖಾತೆಯ ಸೇವಾ ವಿವರವನ್ನೂ ನೋಡಿ. ಹಳೆಯ ಕಂಪನಿ ಬಿಟ್ಟ ದಿನಾಂಕವನ್ನು ಅಲ್ಲಿ ತಪ್ಪಾಗಿ ನಮೂದಿಸಿದ್ದರೆ, ಇಲ್ಲದ ಅತಿಕ್ರಮಣ ಕಾಣಿಸುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಪ್ರಶ್ನೆ ಬರುವ ಮೊದಲೇ ಅದನ್ನು ತಿದ್ದಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ, ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹುದ್ದೆಯ ಪ್ರಕಟಣೆಯಲ್ಲಿ ಓದಿಕೊಳ್ಳಿ. ಪೂರ್ಣಾವಧಿ ಅನುಭವ ಮಾತ್ರ ಎಂದಿದ್ದರೆ, ಅಕೌಂಟೆಂಟರ ಸಂಜೆಯ ಮೂರು ತಿಂಗಳು ಬಿದ್ದುಹೋಗುತ್ತದೆ. ಆದರೆ ಆಗ ಅವರು ಕಾರ್ಖಾನೆಯಲ್ಲಿ ಪೂರ್ಣಾವಧಿ ಕೆಲಸದಲ್ಲೇ ಇದ್ದುದರಿಂದ ಒಂಬತ್ತು ವರ್ಷ ಒಂಬತ್ತೇ ಆಗಿ ಉಳಿಯುತ್ತದೆ.