ನಾಲ್ವಡಿ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದಾಗ ವಯಸ್ಸೆಷ್ಟು? ಹತ್ತೋ, ಹನ್ನೊಂದೋ, ಹದಿನೆಂಟೋ?

ಜೂನ್ 4 ಹತ್ತಿರ ಬಂತು ಅಂದ್ರೆ ನಾಲ್ವಡಿ ಜಯಂತಿಯ ಫ್ಲೆಕ್ಸ್‌ಗಳು ಏಳುತ್ತವೆ. ಒಂದರಲ್ಲಿ "ಹತ್ತನೇ ವಯಸ್ಸಿಗೆ ಪಟ್ಟವೇರಿದರು" ಅಂತ ಇರುತ್ತೆ, ಇನ್ನೊಂದರಲ್ಲಿ ಹನ್ನೊಂದು. ಶಾಲೆ ಮಕ್ಕಳ ಭಾಷಣದಲ್ಲಿ ಹದಿನೆಂಟು ಅಂತಲೂ ಬರುತ್ತೆ. ಇದರಲ್ಲಿ ಯಾವುದು ಸರಿ? ಮೂರಕ್ಕೂ ಒಂದೊಂದು ಕಾರಣ ಇದೆ. ಆದರೆ ಕರಾರುವಾಕ್ಕಾಗಿ ಬರೆಯಬೇಕು ಅಂದ್ರೆ ಒಂದು ತಾರೀಖು ಹಿಡಿದು ಲೆಕ್ಕ ಹಾಕಲೇಬೇಕು.

ಮೊದಲು ತಾರೀಖುಗಳು

ನಾಲ್ವಡಿಯವರು ಹುಟ್ಟಿದ್ದು 1884ರ ಜೂನ್ 4ರಂದು. ಇದರಲ್ಲಿ ಗೊಂದಲ ಇಲ್ಲ. ಗೊಂದಲ ಇರೋದು 'ಪಟ್ಟಕ್ಕೆ ಬಂದ ದಿನ' ಯಾವುದು ಅನ್ನೋದರಲ್ಲಿ. ಆ ಹೆಸರಿಗೆ ಮೂರು ದಿನಗಳು ಪೈಪೋಟಿ ಮಾಡುತ್ತವೆ.

ಒಂದನೇದು, 1894ರ ಡಿಸೆಂಬರ್ 28. ಅವತ್ತು ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಅವರಿಗೆ ಇನ್ನೂ 32 ತುಂಬಿರಲಿಲ್ಲ. ಎರಡನೇದು, 1895ರ ಫೆಬ್ರವರಿ 1. ಹುಡುಗನಿಗೆ ಪಟ್ಟ ಕಟ್ಟಿದ ದಿನ ಇದು. ಮೂರನೇದು, 1902ರ ಆಗಸ್ಟ್ 8. ವೈಸ್‌ರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ಜಗನ್ಮೋಹನ ಅರಮನೆಯಲ್ಲಿ ಆಡಳಿತದ ಅಧಿಕಾರ ವಹಿಸಿಕೊಟ್ಟ ದಿನ.

ಎರಡನೇ ಮತ್ತು ಮೂರನೇ ದಿನದ ನಡುವೆ ಏಳೂವರೆ ವರ್ಷ. ಆ ಅವಧಿಯಲ್ಲಿ ರಾಜ್ಯ ನೋಡಿಕೊಂಡವರು ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಮಗ ಹೆಸರಿಗೆ ಮಹಾರಾಜ, ತಾಯಿ ರೀಜೆಂಟ್, ಅಂದ್ರೆ ರಾಜಪ್ರತಿನಿಧಿ.

ಕಳೆಯೋದು ಹೇಗೆ

ಸುಮಾರು ಜನ ಮಾಡೋ ಲೆಕ್ಕ 1895ರಲ್ಲಿ 1884 ಕಳೆಯೋದು. ಉತ್ತರ 11. ಇದು ತಪ್ಪಾಗೋದು ಇಲ್ಲೇ. ಫೆಬ್ರವರಿಗೆ ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರಲಿಲ್ಲ. ಹಾಗಾಗಿ ಪಟ್ಟದ ದಿನಕ್ಕಿಂತ ಹಿಂದೆ ಕಳೆದುಹೋದ ಕೊನೇ ಹುಟ್ಟುಹಬ್ಬ ಯಾವುದು ಅಂತ ನೋಡಬೇಕು. ಅದು 1894ರ ಜೂನ್ 4. ಅವತ್ತಿಗೆ ಸರಿಯಾಗಿ 10 ವರ್ಷ ತುಂಬಿತ್ತು.

ಅಲ್ಲಿಂದ ಮುಂದಕ್ಕೆ ತಿಂಗಳು ಎಣಿಸಿ. ಜೂನ್ 4ರಿಂದ 1895ರ ಜನವರಿ 4ಕ್ಕೆ 7 ತಿಂಗಳು. ಜನವರಿ 4ರಿಂದ ಫೆಬ್ರವರಿ 1ಕ್ಕೆ 28 ದಿನ. ಅಲ್ಲಿಗೆ ಪಟ್ಟದ ದಿನ ನಾಲ್ವಡಿಯವರ ವಯಸ್ಸು 10 ವರ್ಷ 7 ತಿಂಗಳು 28 ದಿನ.

ಇದೇ ರೀತಿ ಲೆಕ್ಕ ಹಾಕಿದರೆ ತಂದೆ ತೀರಿಕೊಂಡ ದಿನಕ್ಕೆ 10 ವರ್ಷ 6 ತಿಂಗಳು 24 ದಿನ. ಅಧಿಕಾರ ಕೈಗೆ ಬಂದ ದಿನಕ್ಕೆ 18 ವರ್ಷ 2 ತಿಂಗಳು 4 ದಿನ.

ಹಾಗಾದ್ರೆ 'ಹನ್ನೊಂದು' ಪೂರ್ತಿ ಸುಳ್ಳಾ? ನಮ್ಮ ಮಾತಲ್ಲಿ ಎರಡು ಪದ್ಧತಿ ಇದೆ. ಮಗೂನ ಸ್ಕೂಲಿಗೆ ಸೇರಿಸುವಾಗ "ಎಷ್ಟು ತುಂಬಿದೆ" ಅಂತ ಕೇಳ್ತಾರೆ. ಮನೇಲಿ ಅಜ್ಜಿ "ಅವನಿಗೆ ಹನ್ನೊಂದು ನಡೀತಿದೆ" ಅಂತಾರೆ. ಹತ್ತು ತುಂಬಿದ ಮೇಲೆ ನಡೆಯೋದು ಹನ್ನೊಂದನೇ ವರ್ಷವೇ. ಸಂವತ್ಸರ ಎಣಿಸಿದರೂ ಇದೇ ಕಥೆ. ನಾಲ್ವಡಿಯವರು ಹುಟ್ಟಿದ್ದು ತಾರಣ ಸಂವತ್ಸರದಲ್ಲಿ, ಪಟ್ಟ ಆಗಿದ್ದು ಜಯ ಸಂವತ್ಸರದಲ್ಲಿ. ತಾರಣ, ಪಾರ್ಥಿವ, ವ್ಯಯ ಅಂತ ಬೆರಳು ಮಡಿಸ್ತಾ ಹೋದರೆ ಜಯಕ್ಕೆ ಹನ್ನೊಂದು ಬೆರಳು ಆಗುತ್ತೆ. ಹುಟ್ಟಿದ ಸಂವತ್ಸರವನ್ನೂ ಸೇರಿಸಿ ಎಣಿಸಿರೋದರಿಂದ ಒಂದು ಹೆಚ್ಚು ಬರುತ್ತೆ.

ಹಾಗಾಗಿ "ಹನ್ನೊಂದನೇ ವರ್ಷದಲ್ಲಿ" ಅಂತ ಬರೆದರೆ ಸರಿ. "ಹನ್ನೊಂದು ವರ್ಷ ತುಂಬಿದಾಗ" ಅಂತ ಬರೆದರೆ ತಪ್ಪು.

ಯಾವ ದಿನ ಹಿಡಿಯಬೇಕು?

ತಂದೆ ಸತ್ತ ಕ್ಷಣಕ್ಕೇ ಮಗ ರಾಜ ಅಂತ ಹೇಳೋರಿದ್ದಾರೆ. ಆದರೆ ಮೈಸೂರಿನ ಪರಿಸ್ಥಿತಿ ಬೇರೆ ಇತ್ತು. 1881ರಲ್ಲಿ ಬ್ರಿಟಿಷರು ರಾಜ್ಯ ವಾಪಸ್ ಕೊಟ್ಟಾಗ ಹಾಕಿದ ಷರತ್ತಿನ ಪ್ರಕಾರ, ಮುಂದೆ ಯಾರೇ ಗಾದಿಗೆ ಬಂದರೂ ಗವರ್ನರ್ ಜನರಲ್ ಮಾನ್ಯತೆ ಬೇಕಿತ್ತು. ಅದಕ್ಕೇ 'ಪಟ್ಟವೇರಿದ ವಯಸ್ಸು' ಅಂತ ಕೇಳಿದರೆ 1895ರ ಫೆಬ್ರವರಿ 1ನ್ನು ಹಿಡಿಯೋದು ಸರಿ. 'ಆಳಲು ಶುರು ಮಾಡಿದ ವಯಸ್ಸು' ಅಂತ ಕೇಳಿದರೆ 1902ರ ಆಗಸ್ಟ್ 8.

ಮೈಸೂರಿಗೆ ಹೋದೋರು ಅರಮನೆ ಹತ್ತಿರದ ದೊಡ್ಡ ಗಡಿಯಾರ ನೋಡಿರ್ತೀರಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅದನ್ನ ಕಟ್ಟಿದ್ದು 1927ರಲ್ಲಿ. 25 ವರ್ಷ ಹಿಂದಕ್ಕೆ ಹೋದರೆ 1902 ಬರುತ್ತೆ, 1895 ಅಲ್ಲ. ಅಂದ್ರೆ ಅವರ ಕಾಲದಲ್ಲೇ ಬೆಳ್ಳಿಹಬ್ಬಕ್ಕೆ ಎಣಿಸಿದ್ದು ಅಧಿಕಾರ ವಹಿಸಿಕೊಂಡ ವರ್ಷದಿಂದ. ಇದನ್ನೇ ನೋಡಿ ಪಟ್ಟಾಭಿಷೇಕವೇ 1902ರಲ್ಲಿ ಆಯ್ತು ಅಂತ ತಿಳಿದುಕೊಂಡರೆ 'ಹದಿನೆಂಟನೇ ವಯಸ್ಸಿಗೆ ಪಟ್ಟ' ಅನ್ನೋ ತಪ್ಪು ಹುಟ್ಟುತ್ತೆ.

ಇನ್ನೊಂದು ಮೋಸ ಇದೆ. 18 ತುಂಬಿದ ದಿನವೇ ರೀಜೆಂಟ್ ಆಡಳಿತ ಮುಗೀತು ಅಂತ ಊಹಿಸಬಾರದು. ನಾಲ್ವಡಿಯವರಿಗೆ 18 ತುಂಬಿದ್ದು ಜೂನ್ 4ಕ್ಕೆ, ಅಧಿಕಾರ ಬಂದಿದ್ದು ಎರಡು ತಿಂಗಳ ಮೇಲೆ. ಅಧಿಕಾರದ ದಿನದಿಂದ 18 ವರ್ಷ ಹಿಂದಕ್ಕೆ ಎಣಿಸಿ ಜನ್ಮದಿನ ಕಂಡುಹಿಡೀತೀನಿ ಅಂತ ಹೊರಟರೆ ಆಗಸ್ಟ್‌ಗೆ ಹೋಗಿ ನಿಲ್ತೀರಿ.

ಇಷ್ಟು ಲೆಕ್ಕ ಯಾಕೆ ಬೇಕು

ಯಾರ ಕೆಲಸ ಯಾರ ಹೆಸರಿಗೆ ಅನ್ನೋದು ಇದರ ಮೇಲೆ ನಿಂತಿದೆ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರ ಜೂನ್ 30ಕ್ಕೆ. ಆವತ್ತು ನಾಲ್ವಡಿಯವರಿಗೆ 18 ತುಂಬಿ 26 ದಿನ ಆಗಿತ್ತು. ಆದರೂ ಆಡಳಿತ ಇನ್ನೂ ತಾಯಿಯ ಕೈಯಲ್ಲೇ ಇತ್ತು. ಹಿರಿಯೂರಿನ ಮಾರಿಕಣಿವೆ ಜಲಾಶಯಕ್ಕೆ ವಾಣಿವಿಲಾಸ ಸಾಗರ ಅಂತ ಹೆಸರು ಬಂದಿದ್ದೂ ಈ ತಾಯಿಯಿಂದಲೇ. ಫ್ಲೆಕ್ಸ್‌ನಲ್ಲಿ ಎಲ್ಲವನ್ನೂ ಮಗನ ಹೆಸರಿಗೆ ಬರೆದುಬಿಟ್ಟರೆ ಏಳೂವರೆ ವರ್ಷ ರಾಜ್ಯ ನಡೆಸಿದ ಹೆಂಗಸು ಮರೆಯಾಗಿ ಹೋಗ್ತಾರೆ.

ನೀವೇ ಮಾಡಿ ನೋಡಿ

ಮುಮ್ಮಡಿ ಕೃಷ್ಣರಾಜ ಒಡೆಯರ್ ಹುಟ್ಟಿದ್ದು 1794ರ ಜುಲೈ 14. ಟಿಪ್ಪು ಮಡಿದ ಮೇಲೆ ಅವರಿಗೆ ಪಟ್ಟ ಕಟ್ಟಿದ್ದು 1799ರ ಜೂನ್ 30. ಆಗ ರಾಜ್ಯಭಾರ ದಿವಾನ್ ಪೂರ್ಣಯ್ಯನವರದು. ವರ್ಷಕ್ಕೆ ವರ್ಷ ಕಳೆದರೆ 5. ಆದರೆ ಐದನೇ ಹುಟ್ಟುಹಬ್ಬಕ್ಕೆ ಇನ್ನೂ ಎರಡು ವಾರ ಬಾಕಿ. ತುಂಬಿದ್ದು ನಾಲ್ಕೇ. ಪೂರ್ತಿ ಲೆಕ್ಕ 4 ವರ್ಷ 11 ತಿಂಗಳು 16 ದಿನ.

ಈ ಸಲ ಬ್ಯಾನರ್ ಬರೆಸೋರು ಡಿಟಿಪಿ ಅಂಗಡಿಯಲ್ಲಿ ಹೀಗೆ ಹೇಳಿ: "10 ವರ್ಷ ತುಂಬಿ ಹನ್ನೊಂದನೇ ವರ್ಷದಲ್ಲಿದ್ದಾಗ, 1895ರ ಫೆಬ್ರವರಿ 1ರಂದು ಪಟ್ಟ. ತಾಯಿ ವಾಣಿವಿಲಾಸ ಸನ್ನಿಧಾನದ ರೀಜೆಂಟ್ ಆಡಳಿತದ ನಂತರ 1902ರ ಆಗಸ್ಟ್ 8ರಂದು ಪೂರ್ಣ ಅಧಿಕಾರ." ಒಂದು ಸಾಲು ಜಾಸ್ತಿ ಆಗಬಹುದು, ಲೆಕ್ಕ ಮಾತ್ರ ತಪ್ಪೋದಿಲ್ಲ.