ಒಂದೇ ಪೋರ್ಟಲ್, ಮೂರು ಲಾಗಿನ್

ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಗಡಿಬಿಡಿ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಅದೇ ಕೊನೆಯ ದಿನ. ದಾವಣಗೆರೆಯ ಒಂದು ಸಣ್ಣ ಕಚೇರಿ ಎಂದಿಟ್ಟುಕೊಳ್ಳೋಣ. ಒಂದೇ ಕಂಪ್ಯೂಟರ್, ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಮೆಡಿಕಲ್ ಸ್ಟೋರ್ ಎಂದು ಮೂವರು ಗ್ರಾಹಕರು. ಮೂವರ ಲಾಗಿನ್ ಬೇರೆ ಬೇರೆ, ಪೋರ್ಟಲ್ ಮಾತ್ರ ಒಂದೇ. ಬಟ್ಟೆ ಅಂಗಡಿಯ ಖಾತೆ ತೆರೆದಿರುವಾಗಲೇ ಪಕ್ಕದ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯ ಲಾಗಿನ್ ಕೊಟ್ಟರೆ ಮೊದಲನೆಯದು ಕೈತಪ್ಪುತ್ತದೆ.

ಇದಕ್ಕೆ ಕಾರಣ ಕುಕಿ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್‌ನಂತೆ, ಲಾಗಿನ್ ಆದ ಕೂಡಲೇ ಸೈಟು ಬ್ರೌಸರ್‌ ಕೈಗೆ ಒಂದು ಗುರುತು ಕೊಡುತ್ತದೆ. ಆಮೇಲೆ ಯಾವ ಪುಟ ಕೇಳಿದರೂ ಬ್ರೌಸರ್ ಆ ಗುರುತನ್ನು ತೋರಿಸುತ್ತದೆ. ಆದರೆ ಈ ಗುರುತು ಟ್ಯಾಬಿಗೊಂದರಂತೆ ಇರುವುದಿಲ್ಲ, ಎಲ್ಲ ಟ್ಯಾಬ್‌ಗಳಿಗೂ ಅದೊಂದೇ. ಎರಡನೇ ಲಾಗಿನ್ ಕೊಟ್ಟಾಗ ಹಳೆಯ ಗುರುತಿನ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ಅಪಾಯ ಇರುವುದು ಇಲ್ಲೇ. ಮೊದಲ ಟ್ಯಾಬ್‌ನ ಪರದೆಯ ಮೇಲೆ ಇನ್ನೂ ಬಟ್ಟೆ ಅಂಗಡಿಯ ಹೆಸರೇ ಇರುತ್ತದೆ, ಒಳಗಿನ ಗುರುತು ಮಾತ್ರ ಹಾರ್ಡ್‌ವೇರ್ ಅಂಗಡಿಯದು. ಅಲ್ಲಿ ಗುಂಡಿ ಒತ್ತಿದರೆ, ಎಚ್ಚರದಿಂದ ಕಟ್ಟಿದ ಸೈಟು ದೋಷ ತೋರಿಸಿ ಹೊರಹಾಕುತ್ತದೆ. ಹಾಗೆ ಕಟ್ಟದ ಸೈಟಿನಲ್ಲಿ ಒಬ್ಬರ ಅಂಕಿ ಇನ್ನೊಬ್ಬರ ಖಾತೆಗೆ ಹೋದೀತು. ಅನುಮಾನ ಬಂದರೆ ಪುಟವನ್ನು ರಿಫ್ರೆಶ್ ಮಾಡಿ ನೋಡಿ, ಹೆಸರು ಬದಲಾದರೆ ಗುರುತು ಬದಲಾಗಿದೆ ಎಂದರ್ಥ.

ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ: ಕಂಟೇನರ್ ಟ್ಯಾಬ್. ಅದನ್ನು ತಯಾರಿಸುವ ಮೊಜಿಲ್ಲಾ ಸಂಸ್ಥೆಯೇ 2017ರಲ್ಲಿ Firefox Multi-Account Containers ಎಂಬ ಉಚಿತ ಎಕ್ಸ್‌ಟೆನ್ಷನ್ ಹೊರತಂದಿತು. ಪ್ರತಿ ಕಂಟೇನರ್‌ಗೂ ಅದರದೇ ಕುಕಿಗಳು. ಹಸಿರು ಕಂಟೇನರ್‌ನಲ್ಲಿ ಬಂದ ಗುರುತು ಕೆಂಪು ಕಂಟೇನರ್‌ಗೆ ಕಾಣುವುದೇ ಇಲ್ಲ. ಹೀಗಾಗಿ ಒಂದೇ ಕಿಟಕಿಯಲ್ಲಿ ಮೂರು ಖಾತೆಗಳು ಒಂದರ ಪಕ್ಕ ಒಂದು ತೆರೆದಿರುತ್ತವೆ, ಪೋರ್ಟಲ್‌ಗೆ ಮಾತ್ರ ಮೂರು ಬೇರೆ ಬ್ರೌಸರ್‌ಗಳು ಬಂದಂತೆ.

ಎಕ್ಸ್‌ಟೆನ್ಷನ್ ಹಾಕಿಕೊಂಡಾಗ Personal, Work, Banking, Shopping ಎಂಬ ನಾಲ್ಕು ಕಂಟೇನರ್‌ಗಳು ಸಿದ್ಧವಾಗಿರುತ್ತವೆ. ನಮ್ಮ ಕಚೇರಿಗೆ ಬೇಕಾದದ್ದು ಬೇರೆ. ಎಕ್ಸ್‌ಟೆನ್ಷನ್‌ನ ಚಿಹ್ನೆ ಒತ್ತಿ, ಅಂಗಡಿಗೊಂದು ಹೊಸ ಕಂಟೇನರ್ ಮಾಡಿ, ಹೆಸರು, ಬಣ್ಣ ಕೊಟ್ಟರಾಯಿತು. ಬಳಿಕ ಹೊಸ ಟ್ಯಾಬ್‌ನ + ಗುಂಡಿಯನ್ನು ಒತ್ತಿ ಹಿಡಿದರೆ ಪಟ್ಟಿ ಬರುತ್ತದೆ. ‘ಬಟ್ಟೆ ಅಂಗಡಿ’ ಆರಿಸಿ, ಪೋರ್ಟಲ್ ತೆರೆದು ಲಾಗಿನ್ ಆಗಿ. ಟ್ಯಾಬ್‌ನ ಮೇಲೆ ಅದರ ಬಣ್ಣದ ಗೆರೆ, ವಿಳಾಸಪಟ್ಟಿಯ ಬಲತುದಿಯಲ್ಲಿ ಅದರ ಹೆಸರು ಕಾಣುತ್ತದೆ. ಉಳಿದ ಎರಡಕ್ಕೂ ಹೀಗೆಯೇ. ಆ ಪುಟದಿಂದ ತೆರೆದ ಕೊಂಡಿಗಳು ಅದೇ ಬಣ್ಣದಲ್ಲೇ ತೆರೆಯುತ್ತವೆ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. Ctrl+T ಒತ್ತಿದರೆ ಬರುವುದು ಯಾವ ಕಂಟೇನರ್‌ಗೂ ಸೇರದ, ಬಣ್ಣವಿಲ್ಲದ ಟ್ಯಾಬ್. ಇಮೇಲ್ ತಂತ್ರಾಂಶದಂಥ ಬೇರೆ ಕಡೆಯಿಂದ ಒತ್ತಿದ ಕೊಂಡಿಯೂ ಸಾಮಾನ್ಯವಾಗಿ ಅಲ್ಲೇ ತೆರೆಯುತ್ತದೆ. ಲಾಗಿನ್ ಪುಟ ಮತ್ತೆ ಎದುರಾದರೆ ಪಾಸ್‌ವರ್ಡ್ ಹಾಕುವ ಮೊದಲು ಗೆರೆ ನೋಡಿ. ಗೆರೆ ಇಲ್ಲವಾದರೆ ಟ್ಯಾಬ್‌ನ ಮೇಲೆ ಬಲ ಕ್ಲಿಕ್ ಮಾಡಿ, ಕಂಟೇನರ್‌ಗಳ ಪಟ್ಟಿಯಲ್ಲಿ ಸರಿಯಾದದ್ದನ್ನು ಆರಿಸಿ.

ಇನ್ನೊಂದು, ಯಾವುದಾದರೂ ಸೈಟನ್ನು ಸದಾ ಒಂದೇ ಕಂಟೇನರ್‌ನಲ್ಲಿ ತೆರೆಯುವಂತೆ ಕಟ್ಟಿಹಾಕುವ ಸೌಲಭ್ಯ. ಒಂದೇ ಖಾತೆ ಇರುವ ಬ್ಯಾಂಕ್ ಸೈಟಿಗೆ ಅದು ಸೊಗಸು. ಮೂರು ಲಾಗಿನ್‌ಗಳ ಪೋರ್ಟಲ್‌ಗೆ ಅದು ತಲೆನೋವು: ಬಟ್ಟೆ ಅಂಗಡಿಗೆ ಕಟ್ಟಿಹಾಕಿದ ಸೈಟನ್ನು ಬೇರೆ ಬಣ್ಣದಲ್ಲಿ ತೆರೆಯಹೋದರೆ ‘ಯಾವುದರಲ್ಲಿ ತೆರೆಯಲಿ’ ಎಂದು ಬ್ರೌಸರ್ ನಡುವೆ ತಡೆದು ಕೇಳುತ್ತದೆ. ಅವಸರದಲ್ಲಿ ತಪ್ಪು ಗುಂಡಿ ಒತ್ತುವುದು ಸುಲಭ. ಅಲ್ಲಿ ಕಟ್ಟಿಹಾಕದಿರುವುದೇ ವಾಸಿ.

ಕಂಟೇನರ್ ಬೇರ್ಪಡಿಸುವುದು ಕುಕಿ ಮತ್ತು ಸೈಟುಗಳು ಕೂಡಿಟ್ಟ ಮಾಹಿತಿಯನ್ನಷ್ಟೇ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲಕ್ಕೂ ಒಂದೇ. ಹಾರ್ಡ್‌ವೇರ್ ಅಂಗಡಿಯ ಟ್ಯಾಬ್‌ನಲ್ಲೂ ಮೂವರ ಯೂಸರ್‌ನೇಮ್‌ಗಳು ಪಟ್ಟಿಯಲ್ಲಿ ಬರುತ್ತವೆ, ಬೇರೆಯವರದನ್ನು ಆರಿಸಿದರೆ ಗೆರೆಯ ಬಣ್ಣ ಒಂದು, ಖಾತೆ ಇನ್ನೊಂದು. ಬಣ್ಣವನ್ನೊಂದೇ ನಂಬದೆ, ಸಲ್ಲಿಸುವ ಮುನ್ನ ಪುಟದ ಮೇಲಿನ ವ್ಯಾಪಾರದ ಹೆಸರನ್ನು ಓದಿ. ಒಮ್ಮೆ ಸಲ್ಲಿಸಿದ 3ಬಿಯನ್ನು ತಿದ್ದಲಾಗುವುದಿಲ್ಲ.

ಸುಮ್ಮನೆ ಬಿಟ್ಟರೆ ಪೋರ್ಟಲ್ ತಾನೇ ಲಾಗೌಟ್ ಮಾಡುತ್ತದೆ, ಅದನ್ನು ಕಂಟೇನರ್ ತಡೆಯಲಾರದು. ಇಂಟರ್ನೆಟ್ ವಿಳಾಸವನ್ನೂ ಅದು ಮರೆಮಾಚುವುದಿಲ್ಲ. ಮೂರೂ ಲಾಗಿನ್‌ಗಳು ಒಂದೇ ಕಡೆಯಿಂದ ಬಂದವೆಂದು ಸೈಟಿಗೆ ತಿಳಿದೇ ತಿಳಿಯುತ್ತದೆ. ಕಂಟೇನರ್ ಅಳಿಸಿದರೆ ಅದರೊಳಗಿನ ಲಾಗಿನ್ ಹೋಗುತ್ತದೆ, ಪೋರ್ಟಲ್‌ನಲ್ಲಿರುವ ಖಾತೆಗೆ ಏನೂ ಆಗುವುದಿಲ್ಲ.

ಕ್ರೋಮ್ ಬಳಸುವವರು ಗ್ರಾಹಕರಿಗೊಂದು ಪ್ರೊಫೈಲ್ ಮಾಡಿಕೊಳ್ಳಬಹುದು. ಅಲ್ಲಿ ಪಾಸ್‌ವರ್ಡ್, ಬುಕ್‌ಮಾರ್ಕ್ ಕೂಡ ಬೇರೆಯಾಗುತ್ತವೆ, ಆದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಕಿಟಕಿ. ಇಬ್ಬರು ಮೂವರಾದರೆ ಅದೂ ನಡೆಯುತ್ತದೆ. ಹತ್ತಾರು ಗ್ರಾಹಕರಿರುವ ಕಚೇರಿಗೆ ಕಂಟೇನರ್ ಟ್ಯಾಬೇ ಮೇಲು.