ನಿಮಗಿದು ಗೊತ್ತೆ? ಕೊನೆಯ ಗುರುತೇ ಕೀಲಿ

ಮುದ್ದೇಬಿಹಾಳದ ಅಡತಿ ಅಂಗಡಿಯೊಂದರ ಬಿಲ್ಲಿನಲ್ಲಿ 15 ಕ್ವಿಂಟಲ್ ತೊಗರಿಗೆ, ಕ್ವಿಂಟಲ್‌ಗೆ 8,300ರಂತೆ, 1,24,500.00 ರೂಪಾಯಿ ಇದೆ ಅನ್ನಿ. ಮಸುಕಾದ ಸ್ಕ್ಯಾನ್‌ನಲ್ಲಿ ತಂತ್ರಾಂಶ ಅಲ್ಪವಿರಾಮವನ್ನು ಚುಕ್ಕಿಯೆಂದು ಓದಿ 1.24.500.00 ಎಂದು ಕೊಡಬಹುದು. ಆಗ ಬಲದಿಂದ ನೋಡಬೇಕು: ಕೊನೆಯ ಗುರುತಿನ ನಂತರ ಎರಡೇ ಅಂಕಿಗಳಿದ್ದರೆ ಸಾಮಾನ್ಯವಾಗಿ ಅವು ಪೈಸೆ, ಉಳಿದ ಗುರುತುಗಳನ್ನು ಅಳಿಸಿದರಾಯಿತು.

ಜರ್ಮನಿಯ ಯಂತ್ರದ ಬಿಲ್ಲು ಬಂದರೂ ಇದೇ ಲೆಕ್ಕ. ಅಲ್ಲಿ 12.450,00 ಎಂದರೆ ಹನ್ನೆರಡು ಸಾವಿರದ ನಾನೂರ ಐವತ್ತು ಯೂರೋ. ಅಲ್ಪವಿರಾಮವನ್ನಷ್ಟೇ ಕಣ್ಣುಮುಚ್ಚಿ ಅಳಿಸಿದರೆ ಅದು ಹನ್ನೆರಡೂವರೆಗೂ ಕಡಿಮೆಯಾಗಿ ಕೂರುತ್ತದೆ!

ನಿಜವಾದ ತಲೆನೋವು 8.300 ಎಂಬಂಥದ್ದು. ಎಂಟು ಸಾವಿರವೋ, ಎಂಟೂ ಚಿಲ್ಲರೆಯೋ? ಗುರುತು ಹೇಳುವುದಿಲ್ಲ, ಗುಣಾಕಾರ ಹೇಳುತ್ತದೆ: 15ರಿಂದ ಗುಣಿಸಿದಾಗ ಒಟ್ಟು ಮೊತ್ತಕ್ಕೆ ಹೊಂದುವುದು 8,300 ಮಾತ್ರ.